ನೇಮಕಾತಿಯಲ್ಲಿ ಟೈಪ್ 1 ಮಧುಮೇಹ: ಯಾರಿಗೆ, ಯಾವಾಗ, ಎಷ್ಟು ಹೇಳಬೇಕು?

ಹೊಸ ಕೆಲಸಕ್ಕೆ ಸೇರುವಾಗ ಕಾಯಿಲೆಯನ್ನು ಹೇಳುವುದೋ ಮುಚ್ಚಿಡುವುದೋ ಎಂಬ ಚರ್ಚೆ ಸಾಮಾನ್ಯವಾಗಿ ಪ್ರಾಮಾಣಿಕತೆಯ ಸುತ್ತಲೇ ತಿರುಗುತ್ತದೆ. ಟೈಪ್ 1 ಮಧುಮೇಹದ ಮಟ್ಟಿಗೆ ಯಾವ ಹಂತದಲ್ಲಿ, ಯಾರ ಮುಂದೆ ಹೇಳಬೇಕು ಎಂಬುದೇ ಮುಖ್ಯವೆಂದು ನನ್ನ ವಾದ.

ಕಾನೂನಿನ ಆಸರೆ ಇಲ್ಲಿ ತೆಳುವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಹಿಮೊಫಿಲಿಯಾ, ತಲಸ್ಸೇಮಿಯಾ ಸೇರಿವೆ, ಮಧುಮೇಹ ಸೇರಿಲ್ಲ. ಇರುವ ಒಂದು ಆಧಾರ 1991ರ ನೀರಾ ಮಾಥುರ್ ಪ್ರಕರಣ. ಭಾರತೀಯ ಜೀವ ವಿಮಾ ನಿಗಮದ ಘೋಷಣಾ ಪತ್ರ ಮಹಿಳೆಯರ ಮುಟ್ಟು, ಗರ್ಭಧಾರಣೆಯ ವಿವರ ಕೇಳುತ್ತಿತ್ತು. ತಪ್ಪು ಉತ್ತರ ಕೊಟ್ಟರೆಂದು ಪ್ರೊಬೇಷನ್ನಿನಲ್ಲೇ ಮಾಥುರ್ ಅವರನ್ನು ಕೈಬಿಡಲಾಯಿತು. ಸುಪ್ರೀಂ ಕೋರ್ಟು ಅವರನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಲು ಆದೇಶಿಸಿ, ಅಂಥ ಪ್ರಶ್ನೆಗಳನ್ನು ಕೈಬಿಡುವಂತೆ ನಿಗಮಕ್ಕೆ ಹೇಳಿತು. ಆದರೆ ಅಲ್ಲಿ ಆಕ್ಷೇಪಾರ್ಹವಾಗಿದ್ದುದು ಪ್ರಶ್ನೆಯೇ. ಮಧುಮೇಹವಿದೆಯೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಹಾಗೆಯೇ ನೋಡುತ್ತದೆಂದು ನಂಬಿ ಸುಳ್ಳು ಬರೆಯುವುದು ಅಪಾಯಕರ.

ಇನ್ಸುಲಿನ್ ತೆಗೆದುಕೊಳ್ಳುವ ಯುವತಿಯೊಬ್ಬಳು ಪೀಣ್ಯದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ ಎಂದುಕೊಳ್ಳೋಣ. ಸಂದರ್ಶನದಲ್ಲಿ ರಾತ್ರಿ ಪಾಳಿ ಮಾಡುವೆಯಾ ಎಂದು ಕೇಳಿದರೆ, ಮಾಡಬಲ್ಲವಳಾಗಿದ್ದರೆ ‘ಮಾಡುತ್ತೇನೆ’ ಎಂದರೆ ಸಾಕು. ಕಾಯಿಲೆಯ ಮಾತು ಅಲ್ಲಿ ಬೇಕಿಲ್ಲ. ಆಯ್ಕೆಯ ನಂತರದ ವೈದ್ಯಕೀಯ ತಪಾಸಣೆಯ ಸಂಗತಿ ಬೇರೆ. ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ, ಅದು ಶೇಕಡಾ 6.5 ಅಥವಾ ಹೆಚ್ಚಿದ್ದರೆ ಮಧುಮೇಹದ ಸೂಚನೆ. ಅರ್ಜಿಯಲ್ಲಿ ‘ಇಲ್ಲ’ ಎಂದು ಬರೆದಿದ್ದರೆ ವರದಿ ಅದನ್ನು ಸುಳ್ಳಾಗಿಸುತ್ತದೆ, ಆಗ ಕೆಲಸ ಹೋಗುವುದು ಕಾಯಿಲೆಯಿಂದಲ್ಲ, ಸುಳ್ಳು ಘೋಷಣೆಯಿಂದ. ಹೀಗಾಗಿ ಕೇಳಿದ ಕಾಲಮಿನಲ್ಲಿ ರೋಗದ ಹೆಸರು, ಇನ್ಸುಲಿನ್ ಚಿಕಿತ್ಸೆ ಇಷ್ಟನ್ನು ಬರೆದು, ತನ್ನ ವೈದ್ಯರ ಪತ್ರವನ್ನು ಲಗತ್ತಿಸುವುದು ಮೇಲು. ಕಳೆದ ವರ್ಷ ಸಕ್ಕರೆ ಕುಸಿದು ಇನ್ನೊಬ್ಬರ ನೆರವು ಬೇಕಾಗಿತ್ತೇ, ಪಾಳಿ ಕೆಲಸಕ್ಕೆ ಆಕೆ ಶಕ್ತಳೇ ಎಂಬುದು ಆ ಪತ್ರದಲ್ಲಿರಲಿ. ಹಳೆಯ ವರದಿಗಳನ್ನೂ ಮನೆಯವರ ಕಾಯಿಲೆಗಳನ್ನೂ ಸೇರಿಸುವ ಅಗತ್ಯವಿಲ್ಲ.

ಮೇಲ್ವಿಚಾರಕರಿಗೆ ಬೇಕಾದ ಮಾಹಿತಿ ಇನ್ನೂ ಕಡಿಮೆ. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಆಕೆ 15 ಗ್ರಾಂನಷ್ಟು ಸಕ್ಕರೆ ತಿಂದು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು. ಅಷ್ಟು ಹೊತ್ತು ಯಂತ್ರದ ಬಳಿ ಇರಬಾರದು. ಜೊತೆಗೆ ದುಡಿಯುವ ಒಬ್ಬರಿಗಾದರೂ ಇದು ಗೊತ್ತಿರಲೇಬೇಕು. ಕುಸಿತದಲ್ಲಿ ಮಾತು ತೊದಲಿ, ಗೊಂದಲವಾದಾಗ ನೋಡಿದವರು ಕುಡಿದಿದ್ದಾಳೆ ಎಂದುಕೊಳ್ಳಬಹುದು.

ಈ ಮಿತಭಾಷೆಗೂ ಒಂದು ಗಡಿಯಿದೆ. ಬಹುಕಾಲದ ಮಧುಮೇಹಿಗಳಲ್ಲಿ ಕೆಲವರಿಗೆ ಬೆವರು, ನಡುಕದಂಥ ಮುನ್ಸೂಚನೆಗಳೇ ಮಾಯವಾಗಿರುತ್ತವೆ. ಅಂಥವರು ಫೋರ್ಕ್‌ಲಿಫ್ಟ್ ಓಡಿಸುವ, ಎತ್ತರದಲ್ಲಿ ನಿಂತು ದುಡಿಯುವ ಕೆಲಸಕ್ಕೆ ಅರ್ಜಿ ಹಾಕಿದ್ದರೆ, ಯಾರೂ ಕೇಳದಿದ್ದರೂ ಕಾರ್ಖಾನೆಯ ವೈದ್ಯರಿಗೆ ಮೊದಲೇ ತಿಳಿಸಬೇಕು.