ನೀರಿನ ಲೆಕ್ಕ ಯಾರ ಕೈಯಲ್ಲಿ? ಸಿಂಧನೂರು ಸೀಮೆಯಲ್ಲಿ ಡಯಾಲಿಸಿಸ್ ಮತ್ತು ದಾಂಪತ್ಯ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರಿನ ರೈತ ಮೂತ್ರಪಿಂಡ ಕೈಕೊಟ್ಟ ಮೇಲೆ ತಾನು ಕುಡಿಯುವ ನೀರನ್ನು ಲೋಟದಲ್ಲಿ ಅಳೆಯಬೇಕಾಗುತ್ತದೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಇದು ಸಣ್ಣ ಶಿಕ್ಷೆಯಲ್ಲ. ಆ ಅಳತೆಯ ಕಾವಲು ಸಾಮಾನ್ಯವಾಗಿ ಹೆಂಡತಿಯ ಪಾಲಿಗೆ ಬರುತ್ತದೆ. ಗಂಡ ತಂಬಿಗೆಗೆ ಕೈಹಾಕಿದರೆ ಸಾಕು, "ಈಗರ ಕುಡದೀರಲ್ರೀ" ಎಂಬ ಮಾತು ಅಡುಗೆಮನೆಯಿಂದ ಬರುತ್ತದೆ. ಕಾಳಜಿಯಿಂದಲೇ ಹುಟ್ಟಿದ ಈ ಕಾವಲು ದಂಪತಿಗಳ ನಡುವಿನ ಸಲುಗೆಯನ್ನು ಕಾಯಿಲೆಗಿಂತ ಮೊದಲೇ ಸವೆಸುತ್ತದೆ ಎಂಬುದು, ಲೆಕ್ಕವನ್ನು ರೋಗಿಯ ಕೈಗೆ ದಾಟಿಸಿದರೆ ಇಬ್ಬರಿಗೂ ಕಳೆದುಹೋದ ಸಮಯದ ಒಂದು ಭಾಗ ಮರಳಿ ದಕ್ಕುತ್ತದೆ ಎಂಬುದು ಈ ಲೇಖನದ ವಾದ.

ಜೂಲಿಯೆಟ್ ಕಾರ್ಬಿನ್ ಮತ್ತು ಆನ್ಸೆಲ್ಮ್ ಸ್ಟ್ರಾಸ್ 1988ರಲ್ಲಿ ಪ್ರಕಟಿಸಿದ ಅಧ್ಯಯನ ಮನೆಯಲ್ಲೇ ದೀರ್ಘ ಕಾಯಿಲೆಯನ್ನು ನಿಭಾಯಿಸುವ ದಂಪತಿಗಳನ್ನು ಕುರಿತದ್ದು. ಅವರು ಮೂರು ಬಗೆಯ ದುಡಿಮೆಯನ್ನು ಗುರುತಿಸಿದರು: ಕಾಯಿಲೆಯ ಕೆಲಸ, ದಿನನಿತ್ಯದ ಬದುಕಿನ ಕೆಲಸ, ತಾನು ಯಾರು ಎಂಬುದನ್ನು ಉಳಿಸಿಕೊಳ್ಳುವ ಆತ್ಮಚರಿತ್ರೆಯ ಕೆಲಸ. ಮೊದಲನೆಯದು ಹಿಗ್ಗಿದಷ್ಟೂ ಮೂರನೆಯದು ಕುಗ್ಗುತ್ತದೆ. ಡಯಾಲಿಸಿಸ್‌ನಲ್ಲಿ ಇದು ಗಡಿಯಾರ ನೋಡಿ ಹೇಳುವಷ್ಟು ಸ್ಪಷ್ಟ. ಯಂತ್ರದ ಮೇಲೆ ನಾಲ್ಕು ತಾಸು, ಹೋಗಿಬರುವ ದಾರಿ, ಪಾಳಿಗಾಗಿ ಕಾಯುವಿಕೆ ಎಲ್ಲ ಸೇರಿ ಒಂದು ದಿನ ಹೋಗುತ್ತದೆ. ಲಿಂಗಸುಗೂರು ಮತ್ತು ಸಿಂಧನೂರುಗಳ ನಡುವೆ ಇರುವ ಮಸ್ಕಿಯ ಸುತ್ತಿನ ಹಳ್ಳಿಯವರಿಗೆ ಬಸ್ಸಿನ ವೇಳೆಯೂ ಈ ಲೆಕ್ಕಕ್ಕೆ ಸೇರುತ್ತದೆ. ವಾರಕ್ಕೆ ಮೂರು ಸಲ ಎಂಬುದು ವೈದ್ಯರು ಬಯಸುವ ಕ್ರಮವಾದರೂ ನಮ್ಮಲ್ಲಿ ಎರಡೇ ಸಲ ಮಾಡಿಸಿಕೊಳ್ಳುವವರು ಬಹಳ.

ಒಂದು ಮಾದರಿಯನ್ನು ಬಿಡಿಸಿ ನೋಡೋಣ. ಇದು ಲೆಕ್ಕಕ್ಕಾಗಿ ಕಟ್ಟಿದ್ದು, ಯಾವುದೋ ಒಂದು ಮನೆಯ ವೃತ್ತಾಂತವಲ್ಲ. ಗಂಡನಿಗೆ ಸೋಮವಾರ ಮತ್ತು ಗುರುವಾರ ಡಯಾಲಿಸಿಸ್. ಮೂತ್ರ ಹೆಚ್ಚುಕಡಿಮೆ ನಿಂತಿದೆ. ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ, ಅಂದರೆ ಒಣ ತೂಕ, 57 ಕೆಜಿ. ಗುರುವಾರದಿಂದ ಸೋಮವಾರದವರೆಗೆ ನಾಲ್ಕು ದಿನಗಳ ಅಂತರ. ರಕ್ತದಲ್ಲಿ ಉಪ್ಪು ಹೆಚ್ಚಿದಾಗ ಬಾಯಾರಿಕೆ ತಡೆಯಲಾಗದು. ಸುಮಾರು 9 ಗ್ರಾಂ ಉಪ್ಪು ಒಂದು ಲೀಟರ್ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ಆತ ದಿನಕ್ಕೆ 10 ಗ್ರಾಂ ಉಪ್ಪು ತಿಂದರೆ ನಾಲ್ಕು ದಿನಕ್ಕೆ 40 ಗ್ರಾಂ, ಅಂದರೆ 4.4 ಲೀಟರಿನಷ್ಟು ನೀರು. ಬೆವರಿನಲ್ಲಿ ಸ್ವಲ್ಪ ಹೋದರೂ ಲೆಕ್ಕದ ದಿಕ್ಕು ಬದಲಾಗದು. ಗಂಟೆಗೆ, ಪ್ರತಿ ಕೆಜಿ ಮೈತೂಕಕ್ಕೆ 13 ಮಿಲಿಲೀಟರಿಗಿಂತ ಹೆಚ್ಚು ನೀರು ತೆಗೆಯದಿರುವುದು ಒಳ್ಳೆಯದೆಂದು ವೈದ್ಯರು ನೋಡುತ್ತಾರೆ. ಈತನಿಗೆ ನಾಲ್ಕು ತಾಸಿನಲ್ಲಿ ಅದು ಸುಮಾರು 3 ಲೀಟರ್. 4.4 ಲೀಟರನ್ನೂ ಒಂದೇ ಸಲ ಎಳೆದರೆ ವೇಗ 19ಕ್ಕೆ ಏರುತ್ತದೆ. ಆಗ ಬಿಪಿ ಕುಸಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ಮನೆಗೆ ಬಂದವನು ಮರುದಿನದವರೆಗೂ ಏಳುವುದಿಲ್ಲ. ಉಪ್ಪು ದಿನಕ್ಕೆ 5 ಗ್ರಾಂಗೆ ಇಳಿದರೆ ತೆಗೆಯಬೇಕಾದ ನೀರು 2.2 ಲೀಟರ್, ವೇಗ 10ರ ಒಳಗೆ. ಸಂಜೆ ಅಂಗಳದಲ್ಲಿ ಕೂತು ಹೆಂಡತಿಯೊಡನೆ ಮಾತಾಡುವಷ್ಟು ತ್ರಾಣ ಉಳಿಯುತ್ತದೆ.

ಹಾಗಾದರೆ ಕಾಯಬೇಕಾದದ್ದು ತಂಬಿಗೆಯನ್ನಲ್ಲ, ಉಪ್ಪನ್ನು. ನಮ್ಮ ಸೀಮೆಯಲ್ಲಿ ಅದು ಉಪ್ಪಿನಕಾಯಿ, ಶೇಂಗಾ ಚಟ್ನಿ ಪುಡಿ, ಹಪ್ಪಳ, ಸಂಜೆಯ ಮಂಡಾಳ ಒಗ್ಗರಣೆ ಮತ್ತು ಮಿರ್ಚಿಯಲ್ಲಿ ಅಡಗಿರುತ್ತದೆ. ಜೋಳದ ರೊಟ್ಟಿಯ ಹಿಟ್ಟಿಗೆ ಉಪ್ಪು ಬಿಟ್ಟು, ಪಲ್ಯವನ್ನು ಹುಳಿ, ಬೆಳ್ಳುಳ್ಳಿ, ಜೀರಿಗೆಯಿಂದ ರುಚಿಗೊಳಿಸಿದರೆ ಇಡೀ ಮನೆಯೇ ಒಂದೇ ಅಡುಗೆ ಉಣ್ಣಬಹುದು. ರೋಗಿಗೆಂದು ಬೇರೆ ಪಾತ್ರೆ ಇಟ್ಟರೆ ಆತ ಮನೆಯ ಊಟದಿಂದಲೇ ದೂರವಾಗುತ್ತಾನೆ. ಪೊಟ್ಯಾಸಿಯಂ ಲವಣದಿಂದ ಮಾಡಿದ 'ಕಡಿಮೆ ಸೋಡಿಯಂ' ಉಪ್ಪನ್ನು ಮಾತ್ರ ತರಬಾರದು. ಅದು ಇವರ ಹೃದಯಕ್ಕೆ ಅಪಾಯ.

ಇಷ್ಟಾದ ಮೇಲೆ ಲೆಕ್ಕವನ್ನು ಗಂಡನೇ ಇಡಬಹುದು. ದಿನವೂ ಬೆಳಿಗ್ಗೆ ಅದೇ ತಕ್ಕಡಿ, ಅಷ್ಟೇ ತೆಳುವಾದ ಬಟ್ಟೆ, ಒಂದು ನೋಟ್‌ಬುಕ್ಕು. ಹೆಂಡತಿ ಅದನ್ನು ಕೇಳುವುದಿಲ್ಲ; ಆತ ತೋರಿಸಿದರೆ ನೋಡುತ್ತಾಳೆ. ಉಸಿರು ಕಟ್ಟಿದರೆ, ಮಲಗಿದಾಗ ದಮ್ಮು ಬಂದರೆ ಮಾತ್ರ ಆಕೆ ತಡಮಾಡದೆ ನಡುವೆ ಬರಬೇಕು. ತಕ್ಕಡಿಗೂ ಒಂದು ಮಿತಿ ಇದೆ: ಊಟ ಸೇರದೆ ಮಾಂಸ ಕರಗಿದಾಗ ಆ ಜಾಗವನ್ನು ನೀರು ತುಂಬುತ್ತದೆ, ತೂಕ ಅಷ್ಟೇ ತೋರುತ್ತದೆ. ಕಾಲು ಊದಿ ಬಿಪಿ ಏರುತ್ತಿದ್ದರೆ ಒಣ ತೂಕವನ್ನು ಹೊಸದಾಗಿ ಗೊತ್ತುಮಾಡಲು ವೈದ್ಯರನ್ನು ಕೇಳಬೇಕು.

ಹಾಸಿಗೆಯ ಮಾತನ್ನು ನಮ್ಮ ವೈದ್ಯಕೀಯ ಸಂವಾದ ಬಿಟ್ಟೇಬಿಟ್ಟಿದೆ. ಮೂತ್ರಪಿಂಡ ಸೋತಾಗ ಗಂಡಿನಲ್ಲಿ ಟೆಸ್ಟೊಸ್ಟೆರೋನ್ ಇಳಿಯುತ್ತದೆ, ಪ್ರೊಲ್ಯಾಕ್ಟಿನ್ ಏರುತ್ತದೆ, ರಕ್ತಹೀನತೆ ಮತ್ತು ಕೆಲವು ಬಿಪಿ ಮಾತ್ರೆಗಳು ಜೊತೆಗೂಡುತ್ತವೆ. ನಿಮಿರುವಿಕೆ ಕುಂದುವುದು ಬಹಳ ಸಾಮಾನ್ಯ. ಗಂಡ ಇದನ್ನು ಗಂಡಸ್ತನದ ಸೋಲೆಂದು ತಿಳಿದು ಮುಖ ತಿರುಗಿಸುತ್ತಾನೆ, ಹೆಂಡತಿ ತಾನು ಬೇಡವಾದೆನೆಂದು ತಿಳಿಯುತ್ತಾಳೆ. ಇಬ್ಬರ ಮೌನಕ್ಕೂ ಕಾರಣ ರಕ್ತಪರೀಕ್ಷೆಯ ಚೀಟಿಯಲ್ಲಿರುತ್ತದೆ. ರಕ್ತಹೀನತೆಗೆ ಎರಿಥ್ರೊಪೊಯಟಿನ್ ಚುಚ್ಚುಮದ್ದಿದೆ, ಬಿಪಿ ಮಾತ್ರೆ ಬದಲಿಸಬಹುದು, ಸಿಲ್ಡೆನಾಫಿಲ್ ಕೂಡ ಕೆಲವರಿಗೆ ಒಪ್ಪುತ್ತದೆ. ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಮುಟ್ಟಲೇಬಾರದು; ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ. ದಣಿವಿನ ಕ್ರಮ ತಿಳಿದಿದ್ದರೆ ಡಯಾಲಿಸಿಸ್ ಆದ ಮರುದಿನ ಸಾಮಾನ್ಯವಾಗಿ ಅನುಕೂಲ.

ಸ್ಪರ್ಶದ ವಿಷಯದಲ್ಲಿ ಫಿಸ್ಟುಲಾ ಮಾಡಿದ ಕೈ ದೊಡ್ಡ ಪಾತ್ರ ವಹಿಸುತ್ತದೆ. ರಕ್ತನಾಳಗಳನ್ನು ಜೋಡಿಸಿದ ಆ ಕೈಯನ್ನು ಒತ್ತಿ ಮಲಗಬಾರದು, ಅದಕ್ಕೆ ಬಿಗಿಯಾದ ಗಡಿಯಾರ ಕಟ್ಟಬಾರದು, ಅದರಲ್ಲಿ ಬಿಪಿ ನೋಡಬಾರದು. ಈ ಎಚ್ಚರಿಕೆ ಕೇಳಿ ಹೆಂಡತಿ ಕೈ ಮುಟ್ಟುವುದನ್ನೇ ಬಿಟ್ಟು ಬೇರೆ ಹಾಸುವುದುಂಟು. ಅದರ ಅಗತ್ಯವಿಲ್ಲ. ಫಿಸ್ಟುಲಾ ಎಡಗೈಯಲ್ಲಿದ್ದರೆ ಆಕೆ ಬಲಕ್ಕೆ ಮಲಗಿದರಾಯಿತು. ಚರ್ಮದ ಕೆಳಗಿನ ಝುಂ ಎಂಬ ಕಂಪನವನ್ನು ಆತ ದಿನವೂ ತಾನೇ ಮುಟ್ಟಿ ನೋಡಿಕೊಳ್ಳಲಿ. ಅದು ನಿಂತರೆ ಆ ದಿನವೇ ಆಸ್ಪತ್ರೆಗೆ. ಹೆಂಡತಿಯ ಸ್ಪರ್ಶ ತಪಾಸಣೆಯಿಂದ ಬಿಡುಗಡೆಯಾಗಲಿ.

ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಪರಂಪರೆ ನೆನೆಯುವ ಆಯ್ದಕ್ಕಿ ಲಕ್ಕಮ್ಮ, ಗಂಡ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸಲು ಹೇಳಿದವಳು. ಅಲ್ಲಿಯೂ ಅಳತೆಯ ಮಾತಿದೆ. ಆದರೆ ಅದು ಒಂದೇ ಕಾಯಕದಲ್ಲಿ ಸರಿಸಮ ನಿಂತವಳ ಮಾತು. ಆರೈಕೆಯಲ್ಲಿ ಆ ಸಮತೆ ಉಳಿಯಬೇಕಾದರೆ ಇಬ್ಬರಿಗೂ ಕಾಯಿಲೆಯ ಹೊರಗೆ ಒಂದು ಕೆಲಸ ಬೇಕು. ಗದ್ದೆಗೆ ಇಳಿಯಲಾರದ ಗಂಡ ಬೀಜ, ಗೊಬ್ಬರ, ಲಾವಣಿಯ ನಿರ್ಧಾರಗಳನ್ನು ಬಿಟ್ಟುಕೊಡಬೇಕಿಲ್ಲ. ಹೆಂಡತಿಯ ಸ್ವಸಹಾಯ ಸಂಘದ ಸಭೆ ಡಯಾಲಿಸಿಸ್ ದಿನಕ್ಕೆ ಬಿದ್ದರೆ, ಆ ದಿನ ಜೊತೆಗೆ ಹೋಗುವವರು ತಮ್ಮನೋ ಮಗನೋ ಆಗಬೇಕು. ಸಭೆ ಬಿಡುವುದು ಮೊದಲ ಪರಿಹಾರವಾಗಬಾರದು.

ಈ ಸಮತೆ ಕೊನೆಗೆ ಒರೆಗೆ ಹತ್ತುವುದು ಕಸಿಯ ಮಾತು ಬಂದಾಗ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ಗಂಡ-ಹೆಂಡತಿ ಹತ್ತಿರದ ಸಂಬಂಧಿಗಳು, ಆದ್ದರಿಂದ ಮನೆಯವರ ಕಣ್ಣು ಮೊದಲು ಹೆಂಡತಿಯ ಮೇಲೆ ಬೀಳುತ್ತದೆ. ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಂಗಸರೇ ಹೆಚ್ಚು. ಪ್ರೀತಿಯಿಂದ ಕೊಡುವವರಿದ್ದಾರೆ, ಬೇಡವೆನ್ನಲು ಬಾಯಿ ಬಾರದೆ ಕೊಡುವವರೂ ಇದ್ದಾರೆ. 2014ರ ನಿಯಮಗಳು ಇದನ್ನು ಬಲ್ಲವು: ದಾನಿ ಹೆಣ್ಣಾದರೆ ಹೆಚ್ಚಿನ ಎಚ್ಚರ ವಹಿಸಿ, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದ ಬೇರೊಬ್ಬರಿಂದ ಖಚಿತಪಡಿಸಿಕೊಳ್ಳಬೇಕೆನ್ನುತ್ತವೆ. ಆ ಮಾತುಕತೆ ಗಂಡನಾಗಲಿ ಅತ್ತೆ-ಮಾವನಾಗಲಿ ಇಲ್ಲದ ಕೋಣೆಯಲ್ಲಿ, ಪರೀಕ್ಷೆಗಳು ಮುಂದುವರಿಯುವ ಮೊದಲೇ ನಡೆಯಬೇಕು. ಆಕೆ ಒಲ್ಲೆನೆಂದರೆ ವೈದ್ಯರು ಮನೆಯವರಿಗೆ "ದಾನಕ್ಕೆ ಹೊಂದುವುದಿಲ್ಲ" ಎಂದಷ್ಟೇ ತಿಳಿಸಿ ಕಾರಣವನ್ನು ಗುಟ್ಟಾಗಿಡಬೇಕು.