ದತ್ತಾಂಶ ನಿರ್ವಹಣಾ ಯೋಜನೆಯ ಇತಿಹಾಸ

ಒಂದು ಸಂಶೋಧನೆಯಲ್ಲಿ ಯಾವ ದತ್ತಾಂಶ ಸಿಗಲಿದೆ, ಅದನ್ನು ಯಾವ ರೂಪದಲ್ಲಿ ಎಲ್ಲಿಡಬೇಕು, ಯಾರಿಗೆ ಯಾವಾಗ ಕೊಡಬೇಕು, ಎಷ್ಟು ವರ್ಷ ಉಳಿಸಬೇಕು ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಬರೆದಿಡುವ ಪತ್ರವೇ ದತ್ತಾಂಶ ನಿರ್ವಹಣಾ ಯೋಜನೆ. 1960ರ ದಶಕದ ವೈಮಾನಿಕ ಮತ್ತು ಎಂಜಿನಿಯರಿಂಗ್ ಯೋಜನೆಗಳಲ್ಲಿ ಇದು ಮೊದಲು ಕಾಣಿಸಿಕೊಂಡಿತು. ಜ್ಞಾನ ಎಲ್ಲರಿಗೂ ಸೇರಿದ್ದು ಎಂಬ ಆದರ್ಶದಿಂದ ಇದು ಹುಟ್ಟಿತೆಂದು ಹೇಳುವುದುಂಟು. ಆದರೆ ಹಂಚಿಕೆಯ ಮಾತು ಬರುವುದಕ್ಕೂ ಮುಂಚೆ, ಇಟ್ಟದ್ದನ್ನು ಮತ್ತೆ ಓದಲಾಗದೆ ಹೋದ ಪ್ರಸಂಗಗಳೇ ಇದರ ಅಗತ್ಯವನ್ನು ಹೆಚ್ಚು ಬಲವಾಗಿ ತೋರಿಸಿಕೊಟ್ಟಿವೆ.

ಅಂಥ ಒಂದು ಪ್ರಸಂಗ ಅಮೆರಿಕದ ಲೂನಾರ್ ಆರ್ಬಿಟರ್ ನೌಕೆಗಳದು. ಅಪೋಲೊ ಇಳಿಯಲು ತಕ್ಕ ಜಾಗ ಹುಡುಕಲು 1966 ಮತ್ತು 1967ರಲ್ಲಿ ಐದು ನೌಕೆಗಳು ಚಂದ್ರನ ಚಿತ್ರ ತೆಗೆದವು. ಫಿಲ್ಮನ್ನು ನೌಕೆಯಲ್ಲೇ ತೊಳೆದು, ಸ್ಕ್ಯಾನ್ ಮಾಡಿ, ಸಂಕೇತವಾಗಿ ಭೂಮಿಗೆ ಕಳಿಸಲಾಗುತ್ತಿತ್ತು. ಇಲ್ಲಿ ಅದು ಅಗಲವಾದ ಕಾಂತೀಯ ಟೇಪುಗಳಲ್ಲಿ ದಾಖಲಾಗುತ್ತಿತ್ತು. ಆಗ ಜನ ನೋಡಿದ್ದು ಫಿಲ್ಮಿಗೆ ಇಳಿಸಿದ ಪ್ರತಿಗಳನ್ನು. ಬೆಳಕು ನೆರಳಿನ ಸೂಕ್ಷ್ಮವೆಲ್ಲ ಟೇಪಿನಲ್ಲೇ ಉಳಿದಿತ್ತು. ಸುಮಾರು 1,500 ಟೇಪುಗಳೇನೋ ಉಳಿದುಕೊಂಡವು. ಆದರೆ ಅವನ್ನು ಓದುವ ಆಂಪೆಕ್ಸ್ ಎಫ್‌ಆರ್-900 ಯಂತ್ರಗಳು ಬಳಕೆಯಿಂದ ಮರೆಯಾದವು. ಕೆಲವು ಯಂತ್ರಗಳನ್ನು ನ್ಯಾನ್ಸಿ ಎವನ್ಸ್ ಎಂಬ ನಾಸಾ ಅಧಿಕಾರಿ ದಶಕಗಳ ಕಾಲ ಗ್ಯಾರೇಜಿನಲ್ಲಿ ಕಾಪಾಡಿದರು. 2007ರ ನಂತರ ಡೆನಿಸ್ ವಿಂಗೊ ಮತ್ತು ಕೀತ್ ಕೌಯಿಂಗ್ ಅವರ ತಂಡ ಆ ಯಂತ್ರಗಳನ್ನು ರಿಪೇರಿ ಮಾಡಿತು. ಸಂಕೇತವನ್ನು ಚಿತ್ರವಾಗಿಸುವ ಭಾಗವನ್ನು ಹೊಸದಾಗಿಯೇ ಕಟ್ಟಬೇಕಾಯಿತು. 1966ರ ಆಗಸ್ಟಿನಲ್ಲಿ ತೆಗೆದಿದ್ದ, ಚಂದ್ರನಂಚಿನಲ್ಲಿ ಭೂಮಿ ಕಾಣುವ ಚಿತ್ರ 2008ರಲ್ಲಿ ಪೂರ್ಣ ಸ್ಪಷ್ಟತೆಯೊಡನೆ ಹೊರಬಂತು. ಈ ಕೆಲಸ ನಡೆದದ್ದು ನಾಸಾ ಏಮ್ಸ್ ಆವರಣದಲ್ಲಿ ಮುಚ್ಚಿಹೋಗಿದ್ದ ಒಂದು ಮೆಕ್‌ಡೊನಾಲ್ಡ್ಸ್ ಅಂಗಡಿಯಲ್ಲಿ! ಟೇಪು, ಅದನ್ನು ಓದುವ ಯಂತ್ರ, ಅದರ ಅರ್ಥ ಹೇಳುವ ದಾಖಲೆ, ಈ ಮೂರರಲ್ಲಿ ಒಂದು ಕೈಕೊಟ್ಟರೂ ಉಳಿದೆರಡರಿಂದ ಉಪಯೋಗವಿಲ್ಲ. ಇಲ್ಲಿ ಮೂರೂ ಒಂದುಗೂಡಲು ಸಾಧ್ಯವಾಗಿಸಿದ್ದು ಯಾವ ಯೋಜನೆಯೂ ಅಲ್ಲ, ಒಬ್ಬ ಮಹಿಳೆಯ ಹಟ. ಅಪೋಲೊ 11ಕ್ಕೆ ಆ ಭಾಗ್ಯವಿರಲಿಲ್ಲ. ಅದರ ಮೂಲ ಟೆಲಿಮೆಟ್ರಿ ಟೇಪುಗಳನ್ನು ಬಹುಶಃ ಅಳಿಸಿ ಮರುಬಳಕೆ ಮಾಡಲಾಗಿದೆ ಎಂದು 2009ರಲ್ಲಿ ನಾಸಾ ತಾನೇ ಹೇಳಿತು.

ಇವೆಲ್ಲ ಟೇಪುಗಳ ಕಾಲದ ಕಷ್ಟ, ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆಯಲ್ಲ ಎಂದು ಆಕ್ಷೇಪಿಸಬಹುದು. 2014ರಲ್ಲಿ ಟಿಮೊತಿ ವೈನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರದಂತಿದೆ. ಸಸ್ಯ ಮತ್ತು ಪ್ರಾಣಿಗಳ ಅಳತೆಗಳನ್ನು ಆಧರಿಸಿದ, 2ರಿಂದ 22 ವರ್ಷ ಹಳೆಯ 516 ಲೇಖನಗಳ ಮೂಲ ದತ್ತಾಂಶ ಕೊಡಿ ಎಂದು ಅವರು ಲೇಖಕರನ್ನು ಕೇಳಿದರು. ಲೇಖನಕ್ಕೆ ಒಂದೊಂದು ವರ್ಷ ವಯಸ್ಸಾದಂತೆ ದತ್ತಾಂಶ ಉಳಿದಿರುವ ಸಂಭವಾನುಪಾತ ಶೇ. 17ರಷ್ಟು ಇಳಿಯುತ್ತಿತ್ತು. ಹಲವು ಲೇಖಕರ ಇಮೇಲ್ ವಿಳಾಸಗಳೇ ಕೆಲಸ ಮಾಡುತ್ತಿರಲಿಲ್ಲ. ಎಷ್ಟೋ ಕಡೆ ದತ್ತಾಂಶವಿದ್ದದ್ದು ಹಳೆಯ ಡಿಸ್ಕುಗಳಲ್ಲಿ. ನ್ಯಾನ್ಸಿ ಎವನ್ಸ್ ಅವರ ಗ್ಯಾರೇಜಿನ ಕತೆಯೇ ಇಲ್ಲಿ ಸಣ್ಣ ಪ್ರಮಾಣದಲ್ಲಿ ನಡೆದಿತ್ತು, ಕಾಪಾಡುವವರು ಮಾತ್ರ ಇರಲಿಲ್ಲ.

ಅನುದಾನ ಕೊಡುವವರು ದತ್ತಾಂಶ ನಿರ್ವಹಣಾ ಯೋಜನೆಯನ್ನು ಷರತ್ತಾಗಿಸಿದ್ದು ನಿಧಾನವಾಗಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2003ರಲ್ಲಿ ವರ್ಷಕ್ಕೆ 5 ಲಕ್ಷ ಡಾಲರ್ ಅಥವಾ ಹೆಚ್ಚು ಕೇಳುವವರಿಂದ ಮಾತ್ರ ಹಂಚಿಕೆಯ ಯೋಜನೆ ಬಯಸಿದವು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರ ಜನವರಿಯಿಂದ ಪ್ರತಿ ಅರ್ಜಿಗೂ ಎರಡು ಪುಟ ಮೀರದ ಯೋಜನೆ ಕಡ್ಡಾಯ ಮಾಡಿತು. ಅರ್ಜಿದಾರರಿಗೆ ಇದು ಮತ್ತೊಂದು ಕಾಗದವಾಯಿತೆಂಬ ದೂರು ಸುಳ್ಳಲ್ಲ. ಅನುದಾನ ಬಂದ ಮೇಲೆ ಯಾರೂ ತೆರೆದು ನೋಡದ ಎರಡು ಪುಟಗಳು ಯಾವ ದತ್ತಾಂಶವನ್ನೂ ಉಳಿಸಲಾರವು. ಆದರೆ ದೋಷ ಪುಟಗಳದ್ದಲ್ಲ, ಅವಕ್ಕೆ ಹಣವನ್ನೂ ಹೊಣೆಯನ್ನೂ ಜೋಡಿಸದೆ ಇದ್ದದ್ದರದು. 2023ರ ಜನವರಿಯಲ್ಲಿ ಜಾರಿಗೆ ಬಂದ ಆರೋಗ್ಯ ಸಂಸ್ಥೆಗಳ ಹೊಸ ನೀತಿ ಅನುದಾನದ ಮೊತ್ತ ಎಷ್ಟೇ ಇರಲಿ ಯೋಜನೆ ಬೇಕೆಂದಿತು, ಅದರ ಪಾಲನೆಯನ್ನು ಅನುದಾನದ ಷರತ್ತಾಗಿಸಿತು, ಕಾಪಿಡುವ ಖರ್ಚನ್ನು ಬಜೆಟ್ಟಿನಲ್ಲಿ ಸೇರಿಸಲು ಬಿಟ್ಟಿತು. ರೋಗಿಗಳ ಗುಟ್ಟು ಬಯಲಾದೀತೆಂಬ ಅಂಜಿಕೆಗೂ ಅದರಲ್ಲಿ ಜಾಗವಿದೆ. ಕಾರಣ ಬರೆದರೆ ಹಂಚಿಕೆಗೆ ಮಿತಿ ಹಾಕಿಕೊಳ್ಳಬಹುದು. ಒಪ್ಪಿಗೆ ಪತ್ರಕ್ಕೆ ರೋಗಿ ಸಹಿ ಹಾಕುವ ಮೊದಲೇ ಇದು ತೀರ್ಮಾನವಾಗಬೇಕು. ಆಮೇಲೆ ಸಾವಿರಾರು ಜನರನ್ನು ಹುಡುಕಿ ಮತ್ತೆ ಒಪ್ಪಿಗೆ ಕೇಳಲಾಗದು.

ಗ್ರಹವಿಜ್ಞಾನದಲ್ಲಿ ದತ್ತಾಂಶ ಓದಲಾಗದೆ ಹೋಗುವ ಸಮಸ್ಯೆಗೆ ಉತ್ತರ ಬೇರೆ ದಾರಿಯಿಂದ ಬಂತು. ನಾಸಾದ ಗ್ರಹ ದತ್ತಾಂಶ ವ್ಯವಸ್ಥೆ ಕಡತದ ಜೊತೆಗೆ ಅದರ ವಿವರವನ್ನೂ ನಿಗದಿತ ನಮೂನೆಯಲ್ಲಿ ಕಟ್ಟಿಡುತ್ತದೆ. ಅದನ್ನು ಕಟ್ಟಿದವರಲ್ಲಿ ನ್ಯಾನ್ಸಿ ಎವನ್ಸ್ ಕೂಡ ಒಬ್ಬರು. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರ ಚಂದ್ರಯಾನ-1ರ ಚಿತ್ರಗಳನ್ನು ಅದೇ ನಮೂನೆಯಲ್ಲಿ ಕಾಪಿಟ್ಟಿದೆ.