ನವ್ಯ ಸಣ್ಣಕಥೆ
1950ರ ದಶಕದಿಂದೀಚೆಗೆ, ಸಾಮಾಜಿಕ ಅನ್ಯಾಯಗಳನ್ನು ನೇರವಾಗಿ ಬಯಲಿಗೆಳೆಯುತ್ತಿದ್ದ ಪ್ರಗತಿಶೀಲ ಕಥನದಿಂದ ಬೇರ್ಪಟ್ಟು, ವ್ಯಕ್ತಿಯ ಅಂತರಂಗದ ದ್ವಂದ್ವಗಳನ್ನೇ ವಸ್ತುವಾಗಿಸಿಕೊಂಡು ಕನ್ನಡದಲ್ಲಿ ರೂಪುಗೊಂಡ ಕಥಾಪ್ರಕಾರ. ಯು. ಆರ್. ಅನಂತಮೂರ್ತಿಯವರ ‘ಮೌನಿ’ ಇದಕ್ಕೆ ಸ್ಪಷ್ಟ ನಿದರ್ಶನ. ಮಲೆನಾಡಿನ ಅಡಕೆ ಬೆಳೆಗಾರರಾದ ಅಪ್ಪಣ್ಣಭಟ್ಟ, ಕುಪ್ಪಣ್ಣಭಟ್ಟರ ನಡುವಣ ಸಾಲ, ವ್ಯಾಜ್ಯ, ಜಪ್ತಿಗಳು ಪ್ರಗತಿಶೀಲ ಲೇಖಕನ ಕೈಯಲ್ಲಿ ಶೋಷಕ–ಶೋಷಿತರ ವೃತ್ತಾಂತವಾಗಬಹುದಾಗಿದ್ದುವು. ಇಲ್ಲಿಯಾದರೋ ಸರ್ವಸ್ವವನ್ನೂ ಕಳೆದುಕೊಳ್ಳುತ್ತಿರುವ ಕುಪ್ಪಣ್ಣಭಟ್ಟನು ದೂರದೆ, ಬೇಡದೆ, ಮಾತನ್ನೇ ತೊರೆದು ಕುಳಿತುಬಿಡುವುದರಿಂದ, ಗೆದ್ದವನ ಗೆಲುವೇ ಅರ್ಥಶೂನ್ಯವಾಗಿ, ಅವನ ಮನಸ್ಸು ಎದುರಾಳಿಯ ಒಂದು ಮಾತಿಗಾಗಿ ಕಾತರಿಸತೊಡಗುತ್ತದೆ. ಈ ಮೌನವು ಛಲವೋ, ವೈರಾಗ್ಯವೋ, ಪರಾಭವವೋ ಎಂಬುದನ್ನು ನಿರೂಪಣೆ ನಿರ್ಣಯಿಸುವುದಿಲ್ಲ. ನೀತಿಯನ್ನು ಘೋಷಿಸದೆ ಓದುಗನನ್ನೇ ಶೋಧನೆಗೆ ತೊಡಗಿಸುವ ಈ ಅನಿಶ್ಚಿತತೆಯೇ ನವ್ಯದ ವಿಶಿಷ್ಟ ಲಕ್ಷಣ. ಆದರೂ ಸಾಲ, ಭೂಮಿಗಳ ಲೌಕಿಕ ಬಂಧನವನ್ನು ಕಥೆ ಮರೆಯದಿರುವುದರಿಂದ, ಇಲ್ಲಿಯ ಅಂತರಂಗವು ಸಮಾಜದಿಂದ ವಿಮುಖವಾದುದಲ್ಲ.